ಅರ್ಧ ಬೆಂದ ಮಾತು

ದೌಲತರಾಯ ಗೌಡರು ಅಡುಗೆಯ ಮಾತು ಎತ್ತಿದರೆ ಸಾಕು, ನಾನು ಎದ್ದು ಒಳಗೆ ಹೋಗಿಬಿಡುತ್ತಿದ್ದೆ. ಒಂದು ದಿನವೂ ಒಲೆಗೆ ಕಟ್ಟಿಗೆ ಒಡ್ಡಿದ ಮನುಷ್ಯನಲ್ಲ. ಕುಡಿದ ಚಹಾದ ಬಟ್ಟಲನ್ನು ಎತ್ತಿ ಆಚೆಗಿಟ್ಟವರೂ ಅಲ್ಲ. ಆದರೆ ನಮ್ಮೂರು ಇಜೇರಿಯಲ್ಲಿ ಯಾರ ಮನೆಯ ಜಗಳ ಬಿಡಿಸಲು ಕೂತರೂ ಬೇಳೆ, ಉಪ್ಪು, ರೊಟ್ಟಿ ಎಂದು ಶುರು ಮಾಡುವರು. ಸುತ್ತ ಕೂತವರು ‘ಎಂಥಾ ಮಾತು ಆಡಿದ್ರಿ ಗೌಡ್ರ!’ ಎಂದು ತಲೆದೂಗುವರು. ಸಾಲಿಯ ಮಾಸ್ತರರಂತೂ ಶಾಲೆಯ ಸುಣ್ಣ ಹಚ್ಚಿದ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಸಿಬಿಟ್ಟಿದ್ದರು: ‘ಬೇಳೆ ಬೇಯುವ ತನಕ ಹುಳಿ ಹಾಕಬೇಡ.’ ಕೆಳಗೆ ಗೌಡರ ಹೆಸರು, ದೊಡ್ಡ ಅಕ್ಷರದಲ್ಲಿ.

ಮಾತೇನೋ ಸುಳ್ಳಲ್ಲ. ಹುಣಸೆಹುಳಿ ಮೊದಲೇ ಬಿದ್ದರೆ ತೊಗರಿಬೇಳೆ ಎಷ್ಟು ಕುದಿಸಿದರೂ ಮೆತ್ತಗಾಗುವುದಿಲ್ಲ, ಹಲ್ಲಿಗೆ ಸಿಗುತ್ತದೆ. ಇದು ಏಳು ವರ್ಷದ ಹುಡುಗಿಗೂ ಗೊತ್ತು. ಗೌಡರು ಅದನ್ನು ಬಳಸುತ್ತಿದ್ದ ರೀತಿಯೇ ಬೇರೆ. ನೊಂದವರು ಬಂದು ನಿಂತರೆ ‘ಇನ್ನೂ ಬೇಳಿ ಬೆಂದಿಲ್ಲ, ಈಗೇ ಹುಳಿ ಹಿಂಡಬ್ಯಾಡ್ರಿ’ ಅನ್ನುವರು. ಅವರ ಲೆಕ್ಕದಲ್ಲಿ ಯಾರ ಮನೆಯ ಬೇಳೆಯೂ ಎಂದೂ ಬೇಯುತ್ತಿರಲಿಲ್ಲ.

ಎಂಬತ್ತನಾಲ್ಕರ ಸುಗ್ಗಿಯಲ್ಲಿ ಅವರ ಬಾಯಿ ನಮ್ಮ ಮನೆಯ ಅಂಗಳಕ್ಕೂ ಬಂತು.

ಕಸ್ತೂರಿ ನನ್ನ ಗಂಡನ ಅಣ್ಣ, ಭಾವ ನಾಗಣ್ಣನವರ ಮಗಳು. ತಾಯಿ ಇಲ್ಲದ ಕೂಸು. ನನ್ನ ಗಂಡ ತೀರಿಕೊಂಡ ವರ್ಷದಿಂದ ಅವಳನ್ನು ಸಾಕಿ ಬೆಳೆಸಿದವಳು ನಾನೇ. ಆಳಂದ ಕಡೆಯ ಹಿರೋಳ್ಳಿಗೆ ಕೊಟ್ಟು ಒಂದೂವರೆ ವರ್ಷವಾಗಿತ್ತು. ಒಂದು ಮಧ್ಯಾಹ್ನ ಒಬ್ಬಳೇ ಬಸ್ಸಿನಿಂದ ಇಳಿದು ಬಂದಳು. ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಬಿಚ್ಚಿ ನೋಡಿದರೆ ಅಂಗೈ ತುಂಬ ಬೊಬ್ಬೆ, ಕೆಲವು ಒಡೆದು ಕೀವು ಕಟ್ಟಿದ್ದವು. ರೊಟ್ಟಿ ಬಿರುಕು ಬಿಟ್ಟವೆಂದು ಅತ್ತೆ ಅವಳ ಕೈ ಹಿಡಿದು ಕಾದ ಹಂಚಿಗೆ ಒತ್ತಿದ್ದಳು. ಗಂಡ ಶಿವರಾಯ ಅಲ್ಲೇ ಊಟಕ್ಕೆ ಕೂತಿದ್ದನಂತೆ.

“ಹಿಟ್ಟು ಯಾವಾಗ ಬೀಸಿದ್ದು?” ಎಂದು ಕೇಳಿದೆ. ನನ್ನ ಬಾಯಿಗೆ ಮೊದಲು ಬಂದ ಮಾತು ಅದೇ, ಏನು ಮಾಡಲಿ.

“ದಸರಾಕ್ಕಿಂತ ಮದಲ ಬೀಸಿದ್ದು, ಕಾಕಿ. ಹೊಸಾ ಹಿಟ್ಟು ಅವ್ರಿಗೆ, ನನಗ ಡಬ್ಬಿ ತಳದ್ದು.”

ಆ ಹಿಟ್ಟಿನಲ್ಲಿ ಯಾರು ಬಡಿದರೂ ರೊಟ್ಟಿ ಬಿರುಕು ಬಿಡುವುದೇ. ಜೋಳದ ಹಿಟ್ಟು ಬೀಸಿ ಹದಿನೈದು ದಿನ ದಾಟಿದರೆ ಜಿಗಿ ಹೋಗುತ್ತದೆ, ಅಂಟು ಹಿಡಿಯುವುದಿಲ್ಲ. ಆಗ ಕುದಿಯುವ ಎಸರು ಹೊಯ್ದು, ಬಿಸಿ ಇರುವಾಗಲೇ ನಾದಿ, ಹೇಗೋ ಒಂದಿಷ್ಟು ಹಿಡಿತ ತರಬಹುದು. ನಾಲ್ಕು ತಿಂಗಳ ಹಿಟ್ಟಿಗೆ ಅದೂ ನಾಟುವುದಿಲ್ಲ. ಅದು ತಿಳಿದೇ ಕೊಟ್ಟಿದ್ದರು, ಥೂ.

ಇಪ್ಪತ್ತು ದಿನಕ್ಕೆ ಶಿವರಾಯ ತನ್ನ ಸೋದರಮಾವನನ್ನು ಕಟ್ಟಿಕೊಂಡು ಬಂದ, ಹೆಂಡತಿಯನ್ನು ಕರೆದೊಯ್ಯಲು. ಭಾವ ಮೆತ್ತನೆಯ ಮನುಷ್ಯ. ಕಳಿಸುವುದಿಲ್ಲ ಎನ್ನಲೂ ಧೈರ್ಯವಿಲ್ಲ, ಕಳಿಸುತ್ತೇನೆ ಎನ್ನಲೂ ಮನಸ್ಸಿಲ್ಲ. ಗೌಡರನ್ನು ಕರೆಸಿದರು. ಗೌಡರು ಹುಡುಗಿಯ ಕೈ ನೋಡುವ ಮೊದಲೇ ನನಗೆ ಹೇಳಿ ಕಳಿಸಿದ್ದರು, ಬುತ್ತಿ ತಯಾರು ಮಾಡು ಎಂದು.

ನಮ್ಮಲ್ಲಿ ಮಗಳನ್ನು ಗಂಡನ ಮನೆಗೆ ಬರಿಗೈಯಲ್ಲಿ ಕಳಿಸುವ ಪದ್ಧತಿಯಿಲ್ಲ. ಬುಟ್ಟಿಗೆ ಬಿಳಿ ಅರಿವೆ ಹಾಸಿ, ಕಡಕ್ ರೊಟ್ಟಿ ಒಟ್ಟಿ, ಶೇಂಗಾ ಹಿಂಡಿ ಇಟ್ಟು, ಅರಿವೆಯ ನಾಲ್ಕು ಮೂಲೆಯ ಚುಂಗು ಸೇರಿಸಿ ಊರ ಹಿರಿಯ ಮುತ್ತೈದೆ ಗಂಟು ಕಟ್ಟಬೇಕು. ಅವಳು ಗಂಟು ಕಟ್ಟಿದರೇ ಮಗಳು ಊರ ಅಗಸಿ ಬಾಗಿಲು ದಾಟುವುದು. ಆ ಗಂಟು ಕಟ್ಟುವವರು ಗೌಡರ ಹೆಂಡತಿ ಗೌರಾಬಾಯಿ. ಅವರು ಬಂದು ಬುಟ್ಟಿಯ ಮುಂದೆ ಕೂತರು. ಹೆಚ್ಚು ಮಾತಿನವರಲ್ಲ.

ನಾನು ಅಂಗಳದ ಒಲೆಯ ಮುಂದೆ ಬಡಿಯತೊಡಗಿದೆ. ನಮ್ಮದು ಹೊಸ ಜೋಳದ ಹಿಟ್ಟು, ಬೆಣ್ಣೆಯಂತೆ ನಾದಿಸಿಕೊಳ್ಳುತ್ತಿತ್ತು. ಬಡಿಯುವಾಗ ಕಣ್ಣೀರು ಬೆವರು ಎರಡೂ ಬಂದವು. ಗಂಡಸರು ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದರು. ಶಿವರಾಯನಿಗೆ ಊಟ ಹಾಕಿದ್ದೆ. ನಮ್ಮ ಹುಡುಗಿಯ ಕೈ ಸುಡುವುದನ್ನು ಕೂತು ನೋಡಿದವನು, ನಮ್ಮದೇ ಬಿಸಿ ರೊಟ್ಟಿಗೆ ಬೆಣ್ಣೆ ಸವರಿಕೊಂಡು, ಬೆರಳು ನೆಕ್ಕಿ ನೆಕ್ಕಿ ತಿನ್ನುತ್ತಿದ್ದ. ಆ ನೆಕ್ಕುವ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

“ಬ್ಯಾಳ್ಯಾಗ ಉಪ್ಪು ಕಮ್ಮಿ ಆಗ್ಯಾದ,” ಎಂದ ಬೇರೆ.

ಗೌಡರಿಗೆ ಅಷ್ಟೇ ಸಾಕಾಯಿತು. “ನೋಡ್ ಶಿವರಾಯ, ಸಂಸಾರ ಅಂದ್ರ ಹಿಂಗ. ಉಪ್ಪು ಕಮ್ಮಿ ಬಿದ್ರ ಮ್ಯಾಲಿಂದ ಹಾಕ್ಕೊಂಡು ಉಣಬೇಕು. ಹೌದಿಲ್ಲೋ ನಾಗಣ್ಣ?”

ಭಾವ ನೆಲ ನೋಡುತ್ತ “ಹೌದ್ರಿ” ಅಂದರು. ಗಂಡಸರೆಲ್ಲ ನಕ್ಕರು. ಕಸ್ತೂರಿ ಬಾಗಿಲ ಮರೆಯಲ್ಲಿ ನಿಂತಿದ್ದಳು, ಕೈಗೆ ಬಟ್ಟೆ ಸುತ್ತಿ. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಶಿವರಾಯನ ಸೋದರಮಾವ ಬಾಯಿ ಹಾಕಿದ. “ಹುಡಿಗಿ ಸಣ್ಣ ಸಣ್ಣ ಮಾತಿಗೆ ಓಡಿ ಬಂದ್ರ ಹ್ಯಾಂಗ್ರಿ ಗೌಡ್ರ?”

“ಅದನ್ನೇ ಹೇಳಾಕತ್ತೇನಿ,” ಎಂದರು ಗೌಡರು. ನನ್ನ ಕಡೆ ಕೈ ಮಾಡಿದರು. “ಅಲ್ಲಿ ನೋಡ್ರಿ, ಹಂಚಿನ ಮ್ಯಾಲಿನ ರೊಟ್ಟಿ. ರೊಟ್ಟಿಗಿ ತಾಳ್ಮಿ ಬೇಕು. ಕಾವು ತಡಕೋಬೇಕು. ಕಾವು ತಡದ ರೊಟ್ಟಿನೇ ಉಬ್ಬತದ. ಹೆಣ್ಣಿನ ಬಾಳೂ ಅಷ್ಟ.”

ನಾನು ಆಗಷ್ಟೇ ಒಂದು ರೊಟ್ಟಿಯನ್ನು ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ಮೇಲ್ಮೈಗೆ ನೀರು ಸವರಿದ್ದೆ. ಇನ್ನು ಕಣ್ಣು ಕೀಳಬಾರದು. ನೀರು ಹಸಿ ಇರುವಾಗ ತಿರುವಿದರೆ ಹಂಚಿಗೆ ಹತ್ತಿ ಹರಿಯುತ್ತದೆ. ಪೂರಾ ಒಣಗಲು ಬಿಟ್ಟರೆ ಮೇಲೆ ಬಿರುಕು, ಕೆಳಗೆ ಕರಿ. ನೀರಿನ ಹೊಳಪು ಹೋಗಬೇಕು, ತೇವ ಇನ್ನೂ ಇರಬೇಕು, ಆಗಲೇ ತಿರುವಬೇಕು. ಆ ಗಳಿಗೆ ಬಂತು. ಕೈ ತಾನೇ ಮುಂದಾಯಿತು. ನಾನು ಕೈ ಹಿಂದಕ್ಕೆ ಎಳೆದುಕೊಂಡು ಮಡಿಲಲ್ಲಿ ಇಟ್ಟುಕೊಂಡೆ.

ಗೌಡರು ತಾಳ್ಮೆಯ ಬಗ್ಗೆ ಇನ್ನೂ ಹೇಳುತ್ತಲೇ ಇದ್ದರು. ರೊಟ್ಟಿ ಬೆಳ್ಳಗಾಯಿತು, ಚಟಚಟ ಬಿರಿಯಿತು, ಅಂಚು ಮೇಲೆದ್ದಿತು. ಹೊಗೆ ಬಂತು. ಸುಟ್ಟ ಜೋಳದ ಕಮಟು ನಾತ ಅಂಗಳ ತುಂಬಿ ಕಟ್ಟೆಗೆ ಏರಿತು. ಶಿವರಾಯ ಕೆಮ್ಮಿ ತಾಟು ಸರಿಸಿದ.

“ಏ ಸುಂದರಬಾಯಿ!” ಗೌಡರು ಮೂಗು ಮುಚ್ಚಿಕೊಂಡರು. “ಹೊತ್ತಾಕತ್ತದ ಬೇ, ತಿರುವಿ ಹಾಕು!”

“ತಾಳ್ರಿ ಗೌಡ್ರ,” ಅಂದೆ. “ಉಬ್ಬತದಲ್ರಿ? ಕಾವು ತಡಕೊಳ್ಳಾಕತ್ತದ.”

“ತಲಿ ಕೆಟ್ಟದೇನ್ ನಿನಗ? ಬೆಂಕಿ ಹತ್ತತದ ಈಗ!”

“ಮತ್ತ ಯಾವಾಗ ತಿರುವಬೇಕು, ನೀವೇ ಹೇಳ್ರಿ. ನಿಮಗ ಗೊತ್ತದಲ್ಲ.”

ಭಾವ ‘ಸುಮ್ನಿರವ್ವ’ ಎಂದು ಕಣ್ಣಲ್ಲೇ ಬೇಡಿಕೊಂಡರು. ನಾನು ರೊಟ್ಟಿಯನ್ನು ಮುಟ್ಟಲಿಲ್ಲ. ಗೌಡರು ಹೊಗೆಯನ್ನು ಕೈಯಿಂದ ಬೀಸಿ ದೂಡಿದರು. ಯಾವಾಗ ತಿರುವಬೇಕೆಂದು ಅವರಿಗೇನು ಗೊತ್ತು? ರೊಟ್ಟಿಯ ಮಾತು ಕಾವು ತಡೆಯುವಲ್ಲಿಗೇ ಮುಗಿಯುತ್ತದೆಂದು ಅವರು ತಿಳಿದಿದ್ದರು.

ಗೌರಾಬಾಯಿಯವರು ಅರಿವೆಯ ಚುಂಗು ಹಿಡಿದುಕೊಂಡೇ ಕೂತಿದ್ದರು. ಬುಟ್ಟಿ ತುಂಬಿತ್ತು, ಮೊದಲ ಗಂಟು ಅರ್ಧ ಹಾಕಿಯಾಗಿತ್ತು. ತಲೆ ಎತ್ತಿದರು.

“ಆ ಮಾತು ನಂದು,” ಎಂದರು.

“ಏನು?” ಎಂದರು ಗೌಡರು.

“ರೊಟ್ಟಿ ಮಾತು. ಬ್ಯಾಳಿ ಮಾತು, ಉಪ್ಪಿನ ಮಾತು, ಎಲ್ಲಾ ನನ್ನವೇ ಅವ. ಸೊಸಿಗೋಳಿಗಿ ಅಡಗಿ ಕಲಿಸೂ ಮುಂದ ಹೇಳ್ತಿದ್ದೆ. ಇವ್ರು ಪಡಸಾಲ್ಯಾಗ ಕುಂತು ಕೇಳ್ಯಾರ. ಅದೂ ಅರ್ಧ ಕೇಳ್ಯಾರ.” ದನಿ ಏರಿಸಲಿಲ್ಲ, ಬಾಣಲೆಗೆ ಎಷ್ಟು ಎಣ್ಣೆ ಎಂದು ಹೇಳುವಂತೆ ಹೇಳಿದರು. “ಬ್ಯಾಳಿ ಬೇಯೂತನಕ ಹುಳಿ ಹಾಕಬ್ಯಾಡ, ಬೆಂದ ಮ್ಯಾಲೂ ಹಾಕಲಿಲ್ಲಂದ್ರ ಅದು ಸಾರೇ ಅಲ್ಲ. ಇದು ಪೂರಾ ಮಾತು. ಉಪ್ಪು ಕಮ್ಮಿ ಆದ್ರ ಹಾಕ್ಕೊಂಡು ಉಣ್ಣು, ಹೆಚ್ಚಾದ್ರ ಆ ಸಾರು ಉಣಬ್ಯಾಡ, ಚೆಲ್ಲು. ರೊಟ್ಟಿ ಮಾತು ಹೇಳಲೇನು? ನೀರಿನ ಹೊಳಪು ಆರೂತನಕ ತಾಳು. ಆರಿದ ಮ್ಯಾಲ ತಾಳಿದಾಕಿ ಖೋಡಿ, ಬುದ್ಧಿ ಇಲ್ಲದಾಕಿ.”

“ಮನಿಗಿ ನಡಿ, ಹೇಳ್ತೇನಿ,” ಎಂದರು ಗೌಡರು ಹಲ್ಲು ಕಚ್ಚಿ.

“ಬರ್ತೇನಿ. ಸಂಜಿ ರೊಟ್ಟಿ ನಾನೇ ಬಡೀಬೇಕಲ್ಲ.”

ಅರ್ಧ ಹಾಕಿದ ಗಂಟು ಬಿಚ್ಚಿದರು. ನಾಲ್ಕೂ ಚುಂಗುಗಳನ್ನು ಬುಟ್ಟಿಯ ಹೊರಗೆ ಹರವಿಟ್ಟರು. ಬಾಗಿಲ ಕಡೆ ತಿರುಗಿ, “ಕಸ್ತೂರಿ, ಬಾ ಇಲ್ಲಿ. ನಿಮ್ಮಪ್ಪಗ ಕೈ ತೋರಿಸು,” ಎಂದರು.

ನಂಬುತ್ತೀರೋ ಇಲ್ಲವೋ, ಇಪ್ಪತ್ತು ದಿನ ಒಂದೇ ಮನೆಯಲ್ಲಿದ್ದರೂ ಭಾವ ಆ ಕೈಯನ್ನು ಬಿಚ್ಚಿಸಿ ನೋಡಿರಲಿಲ್ಲ. ಕೇಳಿದ್ದರು, ಅತ್ತಿದ್ದರು, ನೋಡಿರಲಿಲ್ಲ. ಬಟ್ಟೆ ಬಿಚ್ಚಿದಳು. ಹೊಸ ಚರ್ಮ ಕೆಂಪಗೆ ಬಿಗಿದು ಬೆರಳುಗಳು ಒಳಕ್ಕೆ ಸೆಟೆದಿದ್ದವು. ಭಾವ ಅದನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಕಳಸಂಗಿಲ್ರಿ,” ಎಂದರು ಕೊನೆಗೆ. ಗೌಡರಿಗೆ ಹೇಳಿದರೋ ಶಿವರಾಯನಿಗೋ ಗೊತ್ತಾಗಲಿಲ್ಲ.

ಸೋದರಮಾವ ಕೂಗಾಡಿದ, ಕುಲ ಜಾಲಾಡಿದ. ಗಂಟು ಕಟ್ಟದ ಬುತ್ತಿಯನ್ನು ಹೊರಲು ಅವನಿಗೂ ಮನಸ್ಸಿರಲಿಲ್ಲ, ಅವನ ಊರಲ್ಲೂ ಅದೇ ಪದ್ಧತಿ. ಶಿವರಾಯ ತಾಟಿನಲ್ಲಿ ಉಳಿದಿದ್ದ ರೊಟ್ಟಿ ಚೂರನ್ನು ಬಾಯಿಗೆ ಹಾಕಿಕೊಂಡೇ ಎದ್ದ. ಹೆಂಡತಿಯ ಮುಖವನ್ನು ತಿರುಗಿಯೂ ನೋಡಲಿಲ್ಲ. ಗೌಡರು ಚಪ್ಪಲಿ ಮೆಟ್ಟುತ್ತ ‘ಹೆಂಗಸರ ಮುಂದ ಹಿಂಗ ಆಗಬೇಕಿತ್ತ’ ಎಂದು ಗೊಣಗಿಕೊಂಡು ಹೋದರು. ಹೋಗಲಿ ಪೀಡೆ.

ಎಲ್ಲರೂ ಹೋದ ಮೇಲೆ ಹಂಚನ್ನು ಇಳಿಸಿ, ಕರಿಯಾದ ರೊಟ್ಟಿಯನ್ನು ಚಮಚದಿಂದ ಕೆರೆದು ತೆಗೆದೆ. ಗೆದ್ದ ಹುರುಪು ನನಗೆ. ಬಿಸಿಯದೊಂದು ಬಡಿದು, ಸರಿಯಾದ ಗಳಿಗೆಗೆ ತಿರುವಿ, ಕೆಂಡಕ್ಕೆ ಒರಗಿಸಿ ಉಬ್ಬಿಸಿ, ಬೆಣ್ಣೆ ಹಚ್ಚಿ ಕಸ್ತೂರಿಗೆ ಚೂರು ಮಾಡಿ ತಿನ್ನಿಸಲು ಕೂತೆ.

“ಗೌಡ್ರ ಮುಖ ನೋಡಿದೇನ?” ಎಂದೆ. “ಅರ್ಧ ಮಾತು ಕಲಿತು ಊರೆಲ್ಲಾ ಹಂಚತಾನ, ಅಸಹ್ಯ ಮನಷ್ಯಾ.”

ಅವಳು ನಗಲಿಲ್ಲ. ಎರಡು ತುತ್ತು ತಿಂದಳು. ಆಮೇಲೆ ನೀರು ಕುಡಿದು, ಸಿಟ್ಟೇನೂ ಇಲ್ಲದೆ ಹೇಳಿದಳು.

“ದೀಪಾವಳಿಗಿ ಬಂದಾಗ ನಾ ತಿರಗಿ ಹೋಗಂಗಿಲ್ಲ ಅಂತ ನಿನ್ನ ಕಾಲು ಹಿಡಿದಿದ್ದೆ, ಕಾಕಿ. ಆಗ ನೀನೂ ಇದೇ ರೊಟ್ಟಿ ಮಾತು ಹೇಳಿದ್ದಿ. ಸ್ವಲ್ಪ ಕಾವು ತಡಕೋ, ಉಬ್ಬತದ ಅಂತ. ಆಗ ನನ್ನ ಕೈ ನೆಟ್ಟಗಿತ್ತು.”

ಹೌದು, ಹೇಳಿದ್ದೆ. ಬುತ್ತಿಯ ರೊಟ್ಟಿಯನ್ನೂ ನಾನೇ ಬಡಿದಿದ್ದೆ. ಗೌಡರಿಗಾದರೂ ರೊಟ್ಟಿ ಯಾವಾಗ ತಿರುವಬೇಕೆಂದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಮೂವತ್ತು ವರ್ಷ ಹಂಚಿನ ಮುಂದೆ ಕೂತವಳು ನಾನು. ಕೈಯಲ್ಲಿದ್ದ ತುತ್ತನ್ನು ಅವಳ ಬಾಯಿಗೆ ಇಡಲು ನನಗೆ ನಾಚಿಕೆಯಾಯಿತು. ಅವಳೇ ಎಡಗೈ ಚಾಚಿ ಅದನ್ನು ನನ್ನ ಬೆರಳಿಂದ ತೆಗೆದುಕೊಂಡು ತಿಂದಳು.