ತಾತ್ವಿಕ, ತಾತ್ಕಾಲಿಕ

ಬೆಳಿಗ್ಗೆ ಹತ್ತು ಗಂಟೆಗೆ ಪಂಪು ತಯಾರಿಸುವ ಕಂಪನಿಯ ತಂತ್ರಾಂಶ ಪರಿಶೀಲನಾ ಮಂಡಳಿ ಸಭೆ ಸೇರಿತು. ಕಂಪನಿಯ ತಂತ್ರಾಂಶಗಳ ವಿನ್ಯಾಸ ನೋಡಿಕೊಳ್ಳುವ ಆರ್ಕಿಟೆಕ್ಟ್ ಗೋಡೆಯ ಪರದೆಯ ಮೇಲೆ ಮೂರು ವರ್ಷದ ಯೋಜನೆ ತೋರಿಸಿದಳು. ಮೊದಲ ವರ್ಷ ಸರಕುಗಳ ಸಂಕೇತಗಳ ಶುದ್ಧೀಕರಣ, ಎರಡನೆಯ ವರ್ಷ ಗೋದಾಮಿನ ಲೆಕ್ಕವನ್ನು ಎಲ್ಲ ವಿಭಾಗಗಳ ವ್ಯವಹಾರ ನಡೆಸುವ ತಂತ್ರಾಂಶವಾದ ಇಆರ್‌ಪಿಯೊಳಗೆ ತರುವುದು, ಮೂರನೆಯ ವರ್ಷ ಇಆರ್‌ಪಿಯ ಹೊಸ ಆವೃತ್ತಿ. ಹಳೆಯ ಆವೃತ್ತಿಗೆ ತಯಾರಕರ ಬೆಂಬಲ ನಿಲ್ಲುವುದೂ ಆ ವರ್ಷದ ಕೊನೆಗೇ.

"ಒಂದೇ ಬೋಲ್ಟಿಗೆ ಗೋದಾಮಿನಲ್ಲಿ ಒಂದು ಸಂಕೇತ, ಇಆರ್‌ಪಿಯಲ್ಲಿ ಮೂರು. ಇವೆರಡನ್ನೂ ಜೋಡಿಸೋಕೆ ಒಂದು ಸೇತುವೆ ಪ್ರೋಗ್ರಾಂ ಹಾಕಿದೀವಿ. ಇದೇ ನಮ್ಮ ತಾಂತ್ರಿಕ ಸಾಲ, ಅವತ್ತಿನ ಅವಸರಕ್ಕೆ ಇವತ್ತು ಬಡ್ಡಿ ಕಟ್ತಿದೀವಿ," ಎಂದಳು.

"ಸಾಲನಾ? ಲೆಕ್ಕಪತ್ರದಲ್ಲಿ ಎಲ್ಲೂ ಕಾಣಲಿಲ್ವಲ್ಲಮ್ಮ," ಎಂದರು ಅಧ್ಯಕ್ಷರು.

"ಅದೇ ತೊಂದರೆ ಸಾರ್."

ಮಾರಾಟದ ಮುಖ್ಯಸ್ಥನಿಗೆ ಕಚೇರಿಯಲ್ಲಿ 'ಈ ತಿಂಗಳು' ಎಂಬ ಅಡ್ಡಹೆಸರಿತ್ತು. ಕೇಳಿದ್ದೆಲ್ಲ ಅವನಿಗೆ ಈ ತಿಂಗಳೇ ಆಗಬೇಕು. "ನನ್ನ ಆರ್ಡರ್ ಆ್ಯಪ್ ಮೊದಲು ಬರ್ಲಿ. ಇನ್ನೊಂದು ಸೇತುವೆ ಹಾಕಿದ್ರಾಯ್ತು. ಬೋಲ್ಟ್ ಎಲ್ಲಿಗೂ ಓಡಿಹೋಗಲ್ಲ."

"ಆಮೇಲೆ ಸಂಕೇತ ಬದಲಾದ್ರೆ ಎರಡು ಸೇತುವೆನೂ ಕಿತ್ತು ಕಟ್ಟಬೇಕು. ಒಂದು ವರ್ಷ ಹೋಗುತ್ತೆ. ಬೆಂಬಲ ನಿಲ್ಲೋ ತಾರೀಕು ನಮಗೋಸ್ಕರ ಕಾಯಲ್ಲ."

ಅಧ್ಯಕ್ಷರಿಗೆ ಯಾರ ಮನಸ್ಸೂ ನೋಯಬಾರದು. ಯೋಜನೆಗೆ ತಾತ್ವಿಕ ಒಪ್ಪಿಗೆ, ಆ್ಯಪ್‌ಗೆ ತಾತ್ಕಾಲಿಕ ಒಪ್ಪಿಗೆ ಎಂದು ಘೋಷಿಸಿ ಚಹಾ ತರಿಸಿದರು.

ಕೇಳಲು ಎರಡೂ ಒಂದೇ. ಮಂಡಳಿಯ ನಿಯಮದಲ್ಲಿ ಮಾತ್ರ ಅಜಗಜಾಂತರ. ತಾತ್ಕಾಲಿಕ ಎಂದರೆ ನಾಳೆಯೇ ಕೆಲಸ ಶುರು ಮಾಡಬಹುದು, ವರ್ಷದ ಬಳಿಕ ನವೀಕರಿಸಬೇಕು. ತಾತ್ವಿಕ ಎಂದರೆ ಪೂರ್ಣ ವಿನ್ಯಾಸದೊಂದಿಗೆ ಮತ್ತೆ ಮಂಡಳಿಗೆ ಬರುವತನಕ ಯಾರೂ ಕೈ ಹಚ್ಚುವಂತಿಲ್ಲ. ಹಳೆಯ ಸೇತುವೆಗೂ ಸಿಕ್ಕಿದ್ದು ತಾತ್ಕಾಲಿಕ ಒಪ್ಪಿಗೆಯೇ. ಅದು ಎಂಟು ಸಲ ನವೀಕರಣಗೊಂಡಿತ್ತು. ತಾತ್ವಿಕ ಒಪ್ಪಿಗೆ ಪಡೆದ ಯಾವುದೂ ಈವರೆಗೆ ಮಂಡಳಿಗೆ ಮರಳಿರಲಿಲ್ಲ. ಆರ್ಕಿಟೆಕ್ಟ್ ಚಹಾ ಮುಟ್ಟಲಿಲ್ಲ.

ಮಧ್ಯಾಹ್ನ ಮಂಡಳಿಯ ಕಾರ್ಯದರ್ಶಿ ನಡಾವಳಿಯ ಕರಡು ಕಳುಹಿಸಿದರು. ಅವಳು ಓದಿದಳು, ಮತ್ತೊಮ್ಮೆ ಓದಿದಳು. ಯೋಜನೆಗೆ ತಾತ್ಕಾಲಿಕ ಒಪ್ಪಿಗೆ, ಆ್ಯಪ್‌ಗೆ ತಾತ್ವಿಕ ಒಪ್ಪಿಗೆ ಎಂದಿತ್ತು. ಪದಗಳು ಅದಲುಬದಲಾಗಿದ್ದವು.

ಸಂಜೆ ಕಾರ್ಯದರ್ಶಿ ಅವಳ ಮೇಜಿನ ಬಳಿ ಬಂದರು. "ತಿದ್ದುಪಡಿ ಏನಾದ್ರೂ ಇದೆಯಾ ಮೇಡಂ? ನೀವಂತೂ ಅಲ್ಪವಿರಾಮನೂ ಬಿಡೋರಲ್ಲ."

ಅದು ನಿಜವೇ. ಅವಳು ಕರಡಿನ ಮೇಲೆ ಕಣ್ಣಿಟ್ಟುಕೊಂಡೇ ಕುಳಿತಿದ್ದಳು.

"ಎರಡನೇ ಪುಟದಲ್ಲಿ 'ಶುದ್ದೀಕರಣ' ಅಂತಿದೆ. ಮಹಾಪ್ರಾಣ ಬೇಕು."

"ಬೇರೆ?"

"ಮಾರಾಟದವರು ನೋಡಿದ್ರಾ?"

"ಅವರು ನಡಾವಳಿ ಓದಿದ್ದು ನಾನಂತೂ ಕಂಡಿಲ್ಲ. ಒಪ್ಪಿಗೆ ಅಂತ ಉತ್ತರ ಬಂದಿದೆ. ಅಧ್ಯಕ್ಷರದ್ದೂ ಬಂತು."

"ಹಾಗಾದ್ರೆ ಬೇರೇನೂ ಇಲ್ಲ."

ಕಾರ್ಯದರ್ಶಿ ಮಹಾಪ್ರಾಣ ಸೇರಿಸಿದರು. ಸೋಮವಾರ ಬೆಳಿಗ್ಗೆ ಬೋಲ್ಟಿನ ಮೂರು ಸಂಕೇತಗಳಲ್ಲಿ ಎರಡನ್ನು ರದ್ದುಪಡಿಸಲಾಯಿತು.