ಮೋಡದ ಮೇಲಿನ ಡೋಲು

ಎದುರಿಗೆ ಕೂತಿದ್ದ ದಿಂಬಿನಂಗಡಿ ಯಜಮಾನರು ಒಪ್ಪದಿದ್ದರೆ ಜಾಹೀರಾತಿನ ಕೆಲಸ ಅಕ್ಕನ ಕೈತಪ್ಪುತ್ತಿತ್ತು. ವಿಡಿಯೊ ತಯಾರಿಸುವ ಎಐಗೆ ಅವಳು ಬರೆದಿದ್ದು ಮೋಡದ ಮೇಲೆ ತೇಲುತ್ತ ಮಲಗಿದ ಹುಡುಗಿಯ ದೃಶ್ಯವನ್ನು ಮಾತ್ರ. ಸದ್ದಿನ ಬಗ್ಗೆ ಒಂದಕ್ಷರವೂ ಇಲ್ಲದ್ದರಿಂದ ಅದು ತನಗೆ ತೋಚಿದಂತೆ ಏಳು ಲೋಕ ನಡುಗುವ ಡೋಲು ಬಾರಿಸಿಬಿಟ್ಟಿತು.

“ಅಕ್ಕಾ, ಮಲಗಿಸ್ತಿದೀಯೋ, ಯುದ್ಧಕ್ಕೆ ಕಳಿಸ್ತಿದೀಯೋ?” ಜೊತೆಗೆ ಕೆಲಸ ಮಾಡುವ ತಮ್ಮ ಕಿಚಾಯಿಸಿದ.

“ಬಾಯ್ಮುಚ್ಕೊಂಡು ಕೂತ್ಕೊಳೋ!” ಎಂದು ಗದರಿ, ಅಕ್ಕ ಮೊದಲು ಬರೆದಿದ್ದರ ಕೆಳಗೆ ಸೇರಿಸಿದಳು: ‘ಹಿನ್ನೆಲೆಯಲ್ಲಿ ಮೆಲುಗಾಳಿ, ದೂರದ ಅಲೆಗಳ ಸದ್ದು, ಸಂಗೀತ ಬೇಡ. ಹುಡುಗಿ ಕಣ್ಣು ಮುಚ್ಚಿಕೊಂಡೇ ಪಿಸುದನಿಯಲ್ಲಿ ಹೇಳುತ್ತಾಳೆ: “ಇನ್ನೊಂಚೂರು ಮಲಗ್ತೀನಿ.”’

ಹೊಸ ವಿಡಿಯೊದಲ್ಲಿ ಗಾಳಿ ಬೀಸಿತು, ಅಲೆ ಉಸಿರಾಡಿತು, ಹುಡುಗಿ ಪಿಸುಗುಟ್ಟಿದಳು. ಕಚೇರಿಯ ಗೋಡೆಗಳೂ ಆಕಳಿಸಿದವೆಂದರೆ ನಂಬಬೇಕು! ಡೋಲಿಗೆ ಕೆರಳಿದ್ದ ಯಜಮಾನರು ಕುರ್ಚಿಯಲ್ಲೇ ತೇಲತೊಡಗಿದರು.

“ಒಪ್ಪಿಗೇನಾ ಸಾರ್?”

“ಹೂಂ... ಮೆಲ್ಲಗೆ ಮಾತಾಡಮ್ಮ,” ಎಂದರು ಯಜಮಾನರು, ಕಣ್ಣು ತೆರೆಯದೆ.