ಕಂಬಳಿಯ ಮೇಲಿನ ಬಿಳುಪು

ಬೂದಿ ಬಿದ್ದ ಹುಲ್ಲು ಮೇಯ್ದು ಅಮಸಿದ್ದಪ್ಪನ ಕುರಿಗಳು ಒಂದೊಂದಾಗಿ ಸಾಯುತ್ತಿದ್ದವು. ಹಟ್ಟಿಯ ಮಗ್ಗುಲಿಗೆ ಎದ್ದ ಬೆಲ್ಲದಪುಡಿ ಕಾರ್ಖಾನೆಯ ಚಿಮಣಿಯೇ ಇದಕ್ಕೆ ಕಾರಣವೆಂದು ಊರಿಗೆಲ್ಲ ಗೊತ್ತಿತ್ತು, ಸರ್ಕಾರ ಒಂದನ್ನು ಬಿಟ್ಟು. ಸರ್ಕಾರದ ಮೂಗಿಗೆ ಬಡವರ ಬಾಗಿಲ ಹೊಗೆ ಎಂದೂ ಹತ್ತಿಲ್ಲ. ಕೊನೆಗೆ ಜಮಖಂಡಿಯಲ್ಲಿ ವಿಚಾರಣೆ ಇಟ್ಟರು, ಪುರಾವೆ ತನ್ನಿರಿ ಎಂದರು. ಕಾರ್ಖಾನೆ ನಿಲ್ಲದಿದ್ದರೆ ಉಳಿದ ಹಿಂಡೂ ಮಣ್ಣಾಗುವುದಿತ್ತು.

ಬೂದಿ ಬಿದ್ದ ದಿನದ ಪುರಾವೆ ಒಂದೇ ಫೋಟೊ. ಮಹಾಲಿಂಗಪುರದ ಸ್ಟುಡಿಯೊದಲ್ಲಿ ಫೋಟೊ ತಿದ್ದುವ ಕೆಲಸಕ್ಕಿದ್ದ ಅಮಸಿದ್ದಪ್ಪನ ಅಣ್ಣನ ಮಗಳು ರಂಜನಾ ಬೂದಿ ಸುರಿದ ಮುಂಜಾನೆ ಅದನ್ನು ಮೊಬೈಲಿನಲ್ಲಿ ತೆಗೆದಿದ್ದಳು. ಕರಿಕಂಬಳಿ ಹೊದ್ದ ಕಾಕಾ, ಸುತ್ತ ಕರಿಕುರಿಗಳು, ಬೆನ್ನಿಗೆ ಸೂರ್ಯ. ಮರುದಿನ ಮಳೆ ಹೊಡೆದು ಹುಲ್ಲು, ಕುರಿ, ಕಂಬಳಿ ಎಲ್ಲ ತೊಳೆದುಹೋಗಿತ್ತು.

ಕರಿಮೈ ಕಾಣಲೆಂದು ತೆಗೆಯುವಾಗಲೇ ಅವಳು ಬೆಳಕು ಏರಿಸಿದ್ದರಿಂದ ಆಕಾಶ ಸುಟ್ಟು ಬರೀ ಬಿಳುಪಾಗಿ, ಚಿಮಣಿಯ ಹೊಗೆಯೂ ಅದರಲ್ಲಿ ಅಳಿಸಿಹೋಗಿತ್ತು. ಕಂಪ್ಯೂಟರಿನಲ್ಲಿ ಬೆಳಕು ಇಳಿಸಿ ನೋಡಿದಳು. ಬಿಳುಪು ಬೂದುಬಣ್ಣಕ್ಕೆ ತಿರುಗಿತೇ ಹೊರತು ಅದರೊಳಗಿಂದ ಹೊಗೆ ಬರಲಿಲ್ಲ. ಕ್ಯಾಮೆರಾ ಹಿಡಿಯದೆ ಬಿಟ್ಟದ್ದನ್ನು ಯಾವ ಯಂತ್ರವೂ ಮರಳಿ ತರಲಾರದು.

ಅಮಸಿದ್ದಪ್ಪನ ಪರವಾಗಿ ಅರ್ಜಿ ಬರೆದ ಕಾಶಪ್ಪ, ಕುರಿಯ ಜೊತೆ ಹೊಗೆಯೂ ಒಂದೇ ಫೋಟೊದಲ್ಲಿ ಕಾಣಬೇಕೆಂದು ಹಟ ಹಿಡಿದ. ಅದೇ ಜಾಗದಿಂದ ಅದೇ ಹೊತ್ತಿಗೆ ಅದರ ಹಿಂದಿನ ವಾರ ತೆಗೆದ ಹೊಗೆಯ ಫೋಟೊ ಅವಳ ಹತ್ತಿರ ಇತ್ತು. ಎರಡನ್ನೂ ಬೇರೆ ಬೇರೆ ಕೊಡೋಣ ಎಂದಳು ರಂಜನಾ.

"ಹೊಗಿ ಒಂದ್ಕಡೆ, ಕುರಿ ಒಂದ್ಕಡೆ ಇದ್ರ ಸಾಹೇಬ್ರು ಕುಂತು ಜೋಡಿಸ್ತಾರೇನಬೇ? ಅವರಿಗೆ ತಮ್ಮ ಅಂಗಿ ಗುಂಡಿ ಜೋಡ್ಸಾಕ ಪುರುಸೊತ್ತಿಲ್ಲ," ಎಂದ ಕಾಶಪ್ಪ.

ಆ ದಿನ ಹೊಗೆ ಇದ್ದದ್ದು ಖರೆ, ಇದ್ದದ್ದನ್ನೇ ಇಡುತ್ತೇನಲ್ಲ ಎಂದು ಅವಳು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಕುಳಿತಳು. ಬಿಳಿ ಆಕಾಶವನ್ನು ಕತ್ತರಿಸಿ ಹೊಗೆಯ ಆಕಾಶ ಕೂರಿಸಿದಳು. ಕೂಡಲೇ ಕುರಿಗಳು ಕಾಗದದಲ್ಲಿ ಕತ್ತರಿಸಿ ಅಂಟಿಸಿದಂತೆ ಕಂಡವು. ಹೊಗೆಯಡಿ ನಿಂತ ಮೈಗೆ ಬಿಸಿಲಿನ ಬೆಳಕು ಹೊಂದುವುದಿಲ್ಲ. ಮುಂದಿನದನ್ನೆಲ್ಲ ಮಬ್ಬು ಮಾಡಿ, ಹೊಗೆಯ ಕಂದು ಛಾಯೆ ಬೆರೆಸಿ, ಗಟ್ಟಿ ನೆರಳುಗಳನ್ನು ಮೆದು ಮಾಡಿದಳು. ಆದರೂ ಕಾಕಾನ, ಕುರಿಗಳ ಮೈಯಂಚು ಬೆಳ್ಳಗೆ ಹೊಳೆಯುತ್ತಿತ್ತು.

ಸ್ಟುಡಿಯೊ ಮಾಲೀಕ ಚಿದಾನಂದ ಹಿಂದಿನಿಂದ ಬಗ್ಗಿ ನೋಡಿದ. ಹಳೇ ಆಕಾಶದ ಬೆಳಕು ಅಂಚಿಗೆ ಅಂಟಿಕೊಂಡಿರುತ್ತದೆ, ಕತ್ತರಿಸಿದ ಗೆರೆಯನ್ನು ಕೂದಲೆಳೆಯಷ್ಟು ಒಳಗೆ ಸರಿಸು, ಉಳಿದ ಬಿಳಿಗೆ ಉಣ್ಣೆಯ ಬಣ್ಣ ಬಳಿ ಎಂದು ಹೇಳಿ ಗಿರಾಕಿ ಮಾತಾಡಿಸಲು ಹೋದ.

ಬಳಿದಳು. ಕಾಕಾನ ಹೆಗಲ ಬಿಳುಪು ಹೋಯಿತು. ಕುರಿಗಳ ಬೆನ್ನಿನ ಬಿಳುಪು ಹೋಯಿತು. ನೆಲಕ್ಕೆ ಆತು ಮಲಗಿದ್ದ ಮರಿಯ ಬೆನ್ನಿನ ಮೇಲೂ ಒಂದು ಬಿಳಿ ಗೆರೆ ಇತ್ತು. ಅದರ ಹಿಂದೆ ಆಕಾಶ ಇರಲಿಲ್ಲ, ಮಣ್ಣಿತ್ತು. ಕೈ ಒಂದು ಗಳಿಗೆ ನಿಂತಿತು. ಪಕ್ಕದಿಂದ ಬಿದ್ದ ಬೆಳಕಿರಬೇಕು ಎಂದುಕೊಂಡು ಅದನ್ನೂ ಒರೆಸಿದಳು. ಚಿತ್ರ ಈಗ ಎಲ್ಲಿ ಮುಟ್ಟಿದರೂ ಬೆಸುಗೆ ಸಿಗದಂತೆ ಕೂತಿತ್ತು. ಚಿದಾನಂದ ಬಂದು ಶಹಬ್ಬಾಸ್ ಎಂದ.

ವಿಚಾರಣೆಯಲ್ಲಿ ಅಧಿಕಾರಿ ಫೋಟೊ ನೋಡಿ ಹುಬ್ಬೇರಿಸಿದ. ಹೊಗೆ ದಟ್ಟ ಇದೆಯಲ್ಲ ಎಂದ. ಕಾಶಪ್ಪನ ಮುಖ ಅರಳಿತು. ಕಾರ್ಖಾನೆಯ ಮ್ಯಾನೇಜರ್ ಬಸವಕುಮಾರ ಫೋಟೊ ಇಸಕೊಂಡು ಕಣ್ಣಿಗೆ ಹತ್ತಿರ ಹಿಡಿದ. ಅವನ ದನಿಯಲ್ಲಿ ಬೆಣ್ಣೆ ಇತ್ತು.

"ಹೊಗಿ ಇಲ್ಲಂತ ನಾವೆಲ್ಲಿ ಅಂದೇವ್ರಿ? ಒಲಿ ಹಚ್ಚಿದ್ರೂ ಹೊಗಿ ಬರ್ತೈತಿ. ಇವರ ತಕರಾರು ಬೂದೀದು. ಹುಲ್ಲಿನ ಮ್ಯಾಲ ಬಿತ್ತು, ಕುರಿ ಸತ್ತು ಅಂತಾರ. ಇಷ್ಟು ಹೊಗಿ ಇದ್ರೂ ಮುದುಕನ ಕಂಬಳಿ ನೋಡ್ರಿ, ಕಾಡಿಗಿ ಇದ್ದಂಗ ಐತಿ. ಕುರಿ ಮೈಮ್ಯಾಲ ಒಂದು ಚೂರು ತೋರಸ್ರಿ."

ರಂಜನಾ ಬಗ್ಗಿ ಫೋಟೊದಲ್ಲಿದ್ದ ಮರಿಯನ್ನು ನೋಡಿದಳು. ಆಕಾಶದ ಬೆಳಕು ಆಕಾಶ ತಾಗಿದ ಅಂಚಿಗೆ ಮಾತ್ರ ಅಂಟುತ್ತದೆ, ಮಣ್ಣಿಗಾತು ಮಲಗಿದ ಮರಿಯ ಬೆನ್ನಿಗೆ ಹೇಗೆ ಅಂಟೀತು? ಅವಳು ಒರೆಸಿದ್ದು ಹೊಳಪನ್ನಲ್ಲ, ಬೂದಿಯನ್ನು.

ಮೊಬೈಲಿನಲ್ಲಿದ್ದ ಮೂಲ ಫೋಟೊ ತೆಗೆದು ಮೇಜಿನ ಮೇಲೆ ಇಟ್ಟಳು. ಇದು ಅಸಲಿ, ಆಕಾಶ ನಾನೇ ಬದಲಿಸಿದೆ, ಬೂದಿ ಇಲ್ಲಿದೆ ನೋಡಿರಿ ಎಂದು ಹೇಳಿದಳು. ಅಧಿಕಾರಿ ಎರಡನ್ನೂ ನೋಡಿದ.

"ಇದರಾಗ ಹೊಗಿ ಇಲ್ಲ, ಅದರಾಗ ಬೂದಿ ಇಲ್ಲ," ಎಂದ. "ಆಕಾಶ ಬದಲಿ ಮಾಡಾಕ ಬರೋರಿಗೆ ಬೂದಿ ಹಚ್ಚಾಕ ಬರೂದಿಲ್ಲೇನವಾ?"

ಬಸವಕುಮಾರ ನಗಲಿಲ್ಲ. ನಗುವ ಅಗತ್ಯವೇ ಇರಲಿಲ್ಲ. ತಿದ್ದಿದ ಪುರಾವೆ ಎಂದು ಷರಾ ಬರೆದು ಅರ್ಜಿ ವಜಾ ಮಾಡಿದರು. ಸತ್ತ ಕುರಿಗಳ ಬಗ್ಗೆ ಒಂದಕ್ಷರ ಬರೆಯಲಿಲ್ಲ. ಒಬ್ಬ ಹುಡುಗಿಯ ತಪ್ಪು ಸಿಕ್ಕರೆ ಸಾಕು, ಅದರ ಹಿಂದೆ ಒಂದು ಇಡೀ ಕಾರ್ಖಾನೆ ಅಡಗಿ ಕೂರುವಷ್ಟು ಜಾಗ ಈ ಕಚೇರಿಗಳಲ್ಲಿದೆ.

ಹೊರಗೆ ಬಂದ ಮೇಲೆ ಕಾಶಪ್ಪ ಅವಳ ಕಡೆ ನೋಡದೆ ನಡೆದುಹೋದ. ರಂಜನಾ ಬೇವಿನ ಗಿಡದ ಬುಡದಲ್ಲಿ ಕಾಕಾನ ಎದುರು ನಿಂತು, ಏನು ಮಾಡಿದೆ, ಹೇಗೆ ತಪ್ಪಿದೆ ಎಂದು ಎಲ್ಲ ಬಿಡಿಸಿ ಹೇಳಿದಳು. ಅಮಸಿದ್ದಪ್ಪ ಕೊನೆಯವರೆಗೂ ಕೇಳಿಸಿಕೊಂಡ.

"ನನ್ನ ಒಂದು ಮಾತ ಕೇಳಿದ್ರ ಹೇಳ್ತಿದ್ನಲ್ಲಬೇ ರಂಜಿ, ಆ ಬಿಳೀದು ಏನಂತ," ಎಂದ. "ಆವತ್ತ ಕಂಬಳಿ ಝಾಡಿಸಿದಾಂವ ನಾನು."

ಆಮೇಲೆ ಹಟ್ಟಿಯಲ್ಲಿದ್ದ ತನ್ನ ತಮ್ಮನಿಗೆ ಫೋನ್ ಹಚ್ಚಿ, ಉಳಿದ ಕುರಿಗಳನ್ನು ಸಂಜೆಯೊಳಗೆ ಬೀಳಗಿ ಕಡೆ ಹೊಡಿ, ಇನ್ನು ಆ ಹಟ್ಟಿ ನಮ್ಮದಲ್ಲ ಎಂದು ಹೇಳಿದ.